ಶುಭಕಾರ್ಯದಲ್ಲಿ ಮಾತು ಬೇಡ

ಮದುವೆ ಛತ್ರದ ಆಫೀಸು ರೂಮಿನಲ್ಲಿ ಗಣಪತಿಯ ಪಟ, ಅದರ ಪಕ್ಕದಲ್ಲಿ ಮಾಲೀಕರ ತಂದೆಯವರ ಪಟ, ಎರಡಕ್ಕೂ ಮಲ್ಲಿಗೆ ಹಾರ. ಅವುಗಳ ಕೆಳಗೆ ಕುಳಿತ ಮ್ಯಾನೇಜರು ನನ್ನ ಕಡೆಗೊಂದು ಬಿಳೀ ಚೀಟಿ ತಳ್ಳಿದ. ಭಾನುವಾರ ಮಧ್ಯಾಹ್ನ ಮೂರೂವರೆ. ಹೊರಗೆ ಮಗಳನ್ನು ಒಪ್ಪಿಸಿಕೊಡುವ ಶಾಸ್ತ್ರಕ್ಕೆ ಎಲ್ಲರೂ ನನ್ನನ್ನು ಕೂಗುತ್ತಿದ್ದರು. ಚೀಟಿಯ ಮೇಲೆ ಬಾಡಿಗೆಯಲ್ಲದೆ ಇನ್ನೂ ಏಳು ಬಾಬತ್ತುಗಳಿದ್ದವು. "ಇದೇನಪ್ಪಾ ಇಷ್ಟೊಂದು?" ಎಂದೆ. ಅವನು ಬಹಳ ಮೃದುವಾಗಿ, "ಶುಭಕಾರ್ಯ ಮುಗಿದಿದೆ, ಈಗ್ಯಾಕಮ್ಮ ಮಾತು? ಯಾರಾದ್ರೂ ಗಂಡಸ್ರು ಇದ್ರೆ ಕಳ್ಸಿ, ಅವರ ಹತ್ರ ಲೆಕ್ಕ ಮಾತಾಡ್ತೀನಿ" ಎಂದ.

ಮೂವತ್ತೊಂದು ವರ್ಷ ಅಂಚೆ ಕಛೇರಿಯ ಕೌಂಟರಿನಲ್ಲಿ ಕುಳಿತು ಜನರ ಹಣ ಎಣಿಸಿದವಳು ನಾನು. ಸಂಜೆ ಲೆಕ್ಕದಲ್ಲಿ ಐದು ರೂಪಾಯಿ ಕಡಿಮೆ ಬಂದರೆ ಮನೆಗೆ ಹೋಗುವಂತಿರಲಿಲ್ಲ. ಆದರೂ ಅವತ್ತು ಒಂದು ಮಾತೂ ಆಡದೆ ಎದ್ದು ಬಂದೆ. ನಮ್ಮ ಯಜಮಾನರು ಹೋಗಿ ದುಡ್ಡು ಕೊಟ್ಟು ಬಂದರು. ಕಣ್ಣಲ್ಲಿ ನೀರು ತುಂಬಿಕೊಂಡ ಮಗಳು ಕಾರಿನ ಹತ್ತಿರ ನಿಂತಿರುವಾಗ ಯಾವ ತಾಯಿ ಜನರೇಟರಿನ ಲೆಕ್ಕ ಕೇಳುತ್ತಾಳೆ ಹೇಳಿ? ಆ ಚೀಟಿ ಬೆಳಿಗ್ಗೆ ಬರಲಿಲ್ಲ, ಹಿಂದಿನ ದಿನ ಬರಲಿಲ್ಲ, ಮುಂಗಡ ಕೊಟ್ಟ ದಿನವಂತೂ ಬರಲೇ ಇಲ್ಲ. ಸರಿಯಾಗಿ ಆ ಗಳಿಗೆಗೇ ಬಂತು. ಇದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಛತ್ರದ ವ್ಯಾಪಾರ ನಡೆಯುವುದೇ ನಮ್ಮ "ಶುಭಕಾರ್ಯದಲ್ಲಿ ಮಾತು ಬೇಡ" ಎಂಬ ಸಂಕೋಚದ ಮೇಲೆ ಎಂಬುದು ನನ್ನ ತಕರಾರು. ಆ ಸಂಕೋಚ ಬಿಟ್ಟು ಇಲ್ಲಿ ಲೆಕ್ಕ ಒಪ್ಪಿಸುತ್ತೇನೆ. ಮಗಳ ಮದುವೆ ನಡೆದದ್ದು 2025ರ ಮೇ ತಿಂಗಳಲ್ಲಿ, ನಮ್ಮ ಹಾಸನದಲ್ಲಿ. ಛತ್ರದ ಹೆಸರು ಬೇಡ. ಇದನ್ನು ಓದುವ ಹತ್ತು ಜನ ಹತ್ತು ಛತ್ರಗಳ ಹೆಸರು ಹೇಳಿಯಾರು.

ಛತ್ರ ನೋಡಲು ಹೋದದ್ದು ನಮ್ಮ ಯಜಮಾನರು ಮತ್ತು ಅವರ ತಮ್ಮ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದರು. ಖಾಲಿ ಛತ್ರ, ಒರೆಸಿದ ನೆಲ, ದೊಡ್ಡ ಸ್ಟೇಜು. ದಿನಾಂಕ ಖಾಲಿಯಿದೆಯೇ, ಬಾಡಿಗೆ ಎಷ್ಟು, ಎಷ್ಟು ಜನ ಕೂರಬಹುದು ಎಂಬ ಮೂರು ಪ್ರಶ್ನೆ ಕೇಳಿದರು. ಬಾಡಿಗೆ 1,20,000 ಎಂದದ್ದೇ ತಡ, 40,000 ಮುಂಗಡ ಕೊಟ್ಟು ರಸೀದಿ ತಂದರು. ಇನ್ನೊಂದು ಛತ್ರದವರು ಒಂದೂವರೆ ಲಕ್ಷಕ್ಕೂ ಮೇಲೆ ಹೇಳಿದ್ದರಂತೆ, ಮೂವತ್ತು ನಲವತ್ತು ಸಾವಿರ ಉಳಿಯಿತೆಂದು ಮನೆಗೆ ಬರುವಾಗ ಮೈಸೂರುಪಾಕು ಬೇರೆ ತಂದಿದ್ದರು. ಉಳಿತಾಯದಲ್ಲಿ ನಮಗೆ ದಕ್ಕಿದ್ದು ಆ ಮೈಸೂರುಪಾಕು ಮಾತ್ರ.

ಮೊದಲನೆಯದು ವಾಹನ ನಿಲ್ಲಿಸುವ ಜಾಗ. "ಐವತ್ತು ಕಾರು ಆರಾಮಾಗಿ ನಿಲ್ತವೆ" ಎಂದು ಹೇಳಿದ್ದರು. ಮದುವೆಯಾದ ಮೇಲೆ ಹಟಕ್ಕೆ ಬಿದ್ದು ಆ ಅಂಗಳವನ್ನು ಹೆಜ್ಜೆ ಹಾಕಿ ಅಳೆದೆ. ಅಗಲ ಅರವತ್ತು ಅಡಿ, ಉದ್ದ ಎಂಬತ್ತು ಅಡಿ, ಅಂದರೆ 4,800 ಚದರಡಿ. ಒಂದು ಕಾರು ನಿಂತು, ಬಾಗಿಲು ತೆರೆದು, ತಿರುಗಿಸಿಕೊಂಡು ಹೊರಗೆ ಬರಲು ದಾರಿಯೂ ಸೇರಿ ಸುಮಾರು 250 ಚದರಡಿ ಬೇಕು. ಭಾಗಿಸಿದರೆ ಹತ್ತೊಂಬತ್ತು ಕಾರು. ಅದರಲ್ಲಿ ಅಡುಗೆಯವರ ಟೆಂಪೊ, ಹೂವಿನ ಅಲಂಕಾರದವರ ವ್ಯಾನು, ಜನರೇಟರು, ವಾಲಗದವರ ಜೀಪು ಕಳೆದರೆ ಉಳಿಯುವುದು ಹನ್ನೆರಡೋ ಹದಿಮೂರೋ. ಐವತ್ತು ಕಾರು ನಿಲ್ಲಬೇಕಾದರೆ ಒಂದರ ಮೇಲೊಂದು ಪೇರಿಸಬೇಕು.

ಹಾಗಾದರೆ ನಿಜವಾದ ಜಾಗ ಎಲ್ಲಿ ಹೋಯಿತು? ನಾವು ಊಟಕ್ಕೆ ಕೂತದ್ದೇ ಅಲ್ಲಿ. ನೆಲಮಾಳಿಗೆಗೆ ಇಳಿಯಲು ಮೆಟ್ಟಿಲಿನ ಜೊತೆ ಒಂದು ಅಗಲವಾದ ಇಳಿಜಾರು ಇತ್ತು, ಅದರ ಮೇಲೆ ಕೆಂಪು ಹಾಸು ಹಾಸಿದ್ದರು. ಊಟದ ಮನೆಗೆ ಇಳಿಜಾರು ಯಾಕೆ ಬೇಕು? ಕಾರು ಇಳಿಯುವುದಕ್ಕೆ ಕಟ್ಟಿದ್ದು, ಎಲೆ ಹಾಕುವುದಕ್ಕೆ ಬಳಕೆಯಾಗುತ್ತಿದೆ. ನೀವೂ ಛತ್ರ ನೋಡಲು ಹೋದಾಗ ಊಟದ ಹಾಲ್ ನೆಲಮಾಳಿಗೆಯಲ್ಲಿದ್ದು ಇಂಥ ಇಳಿಜಾರು ಕಂಡರೆ, ಕಾರುಗಳು ಬೀದಿಯಲ್ಲಿ ನಿಲ್ಲುತ್ತವೆ ಎಂದೇ ತಿಳಿಯಿರಿ. ಎಪ್ಪತ್ತೆಂಟು ವರ್ಷದ ನಮ್ಮ ಸೋದರತ್ತೆ, ಎರಡೂ ಮಂಡಿ ಸವೆದವರು, ಕಾರಿನಿಂದಿಳಿದು ಎರಡು ಬೀದಿ ನಡೆದು ಬಂದರು. ಗೇಟಿನ ಹತ್ತಿರ ಒಂದು ನಿಮಿಷ ನಿಲ್ಲಿಸಿ ಇಳಿಸುತ್ತೇವೆಂದರೆ ಕಾವಲಿನವನು ಕಾರಿನ ಬಾನೆಟ್ ಬಡಿದು "ಮುಂದೆ ಹೋಗ್ರೀ" ಎಂದು ಕೂಗಿದನಂತೆ. ಬೀದಿಯಲ್ಲಿ ನಿಲ್ಲಿಸಿದ್ದಕ್ಕೂ ಇಪ್ಪತ್ತು ರೂಪಾಯಿಯ ಚೀಟಿ ಹರಿದರು. ಸಾರ್ವಜನಿಕ ಬೀದಿಗೆ ಛತ್ರದವರ ಚೀಟಿ!

ಇನ್ನು ಕರೆಂಟು. ಮೇ ತಿಂಗಳಲ್ಲಿ ನಮ್ಮ ಕಡೆ ಸಂಜೆ ಗುಡುಗು ಮಳೆ ಬರುತ್ತದೆ, ಬಂದರೆ ಕರೆಂಟು ಹೋಗುತ್ತದೆ, ಇದು ಹೊಸದಲ್ಲ. ಶನಿವಾರ ಸಂಜೆ ಏಳು ಹತ್ತಕ್ಕೆ, ಆರತಕ್ಷತೆಗೆ ಮಗಳಿಗೆ ಜಡೆ ಹಾಕುತ್ತಿರುವಾಗ ಕತ್ತಲಾಯಿತು. ಜನರೇಟರು ಇದೆ ಎಂದಿದ್ದರು. ಇತ್ತು. ಅದನ್ನು ಹಾಕುವ ಹುಡುಗ ಇರಲಿಲ್ಲ. ಅವನು ಬರುವ ತನಕ ಹನ್ನೆರಡು ನಿಮಿಷ, ಬಿಚ್ಚಿಟ್ಟ ಒಡವೆಗಳ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು, ಆರು ಜನ ಹೆಂಗಸರು ಮೊಬೈಲಿನ ಬೆಳಕಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಆ ರೂಮಿಗೆ ಒಳಗಿನಿಂದ ಚಿಲಕವೂ ಇರಲಿಲ್ಲ.

ಆಮೇಲೆ ಬೆಳಕು ಬಂತು, ಸ್ಟೇಜಿಗೆ ಮತ್ತು ದೊಡ್ಡ ಹಾಲಿಗೆ ಮಾತ್ರ. ಜನರೇಟರ್ ಇದೆಯೇ ಎಂದು ಕೇಳಿದರೆ ಸಾಲದು, ಅದು ಯಾವುದಕ್ಕೆ ಓಡುತ್ತದೆ ಎಂದು ಕೇಳಬೇಕು ಎಂಬುದನ್ನು ಆಗ ಕಲಿತೆ. ಊಟದ ಮನೆಯಲ್ಲಿ ಅರ್ಧ ದೀಪ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಇಲ್ಲ. ಲಿಫ್ಟು ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಂಪಿನಿಂದ ಮೇಲಿನ ತೊಟ್ಟಿಗೆ ನೀರು ಏರಿಸುವ ಮೋಟರು ಆ ಜನರೇಟರಿನ ಲೈನಿನಲ್ಲಿ ಇರಲಿಲ್ಲ. ನಾನೂರು ಜನ ಕೈತೊಳೆದು, ಪಾತ್ರೆ ತೊಳೆದು, ಒಂಬತ್ತು ಗಂಟೆಯ ಹೊತ್ತಿಗೆ ಮೇಲಿನ ತೊಟ್ಟಿ ಬರಿದಾಯಿತು. ಹೆಂಗಸರ ಶೌಚಾಲಯದ ನಲ್ಲಿಗಳಲ್ಲಿ ಗಾಳಿ ಬಂತು. ಹಾಲಿನಲ್ಲಿ ಕೂತ ಗಂಡಸರಿಗೆ ಕರೆಂಟು ಬಂದಿತ್ತು. ನಮಗೆ ಬಂದಿರಲಿಲ್ಲ.

ಅಲ್ಲಿ ಹೆಂಗಸರಿಗೆಂದು ನಾಲ್ಕು ಶೌಚಾಲಯ. ಎರಡಕ್ಕೆ ಬೀಗ, ಒಳಗೆ ಪೊರಕೆ ಬಕೆಟ್ಟು ತುಂಬಿದ್ದರು. ಉಳಿದ ಎರಡರಲ್ಲಿ ಒಂದಕ್ಕೆ ಚಿಲಕವಿಲ್ಲ, ರೇಷ್ಮೆ ಸೀರೆಯ ಸೆರಗು ಚೀಲ ತಗುಲಿಸಲು ಒಂದು ಮೊಳೆಯಿಲ್ಲ, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಬುಟ್ಟಿಯಿಲ್ಲ. ನೀರು ನಿಂತ ಮೇಲೆ ಹೇಗಿತ್ತೆಂದು ಬರೆಯುವುದಿಲ್ಲ. ಬೀಗರ ಕಡೆಯ ಹೆಂಗಸರು ಮೂಗು ಮುಚ್ಚಿಕೊಂಡು ವಾಪಸು ಬಂದದ್ದನ್ನು ನೋಡಿ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅವಮಾನವಾದದ್ದು ಛತ್ರದವರಿಗಲ್ಲ, ಹೆಣ್ಣಿನ ತಾಯಿಗೆ.

ಅಲ್ಲಿ ಕೆಲಸಕ್ಕಿದ್ದವಳು ಒಬ್ಬಳೇ ಹೆಂಗಸು. ಬೆಳಿಗ್ಗೆ ಆರಕ್ಕೆ ಬಂದವಳು ರಾತ್ರಿ ಹತ್ತಕ್ಕೂ ಕೊಡದಲ್ಲಿ ನೀರು ಹೊತ್ತು ತಂದು ಸುರಿಯುತ್ತಿದ್ದಳು. ಮಾರನೆಯ ದಿನ ಅವಳಿಗೆ ಊಟ ಹಾಕಿಸಿ ಕೇಳಿದೆ. ದಿನಕ್ಕೆ ನಾನೂರು ರೂಪಾಯಿಯಂತೆ. ಚೀಟಿಯಲ್ಲಿ ನಮಗೆ ಹಾಕಿದ್ದ ಸ್ವಚ್ಛತೆಯ ಬಾಬತ್ತು 8,000. ಎರಡು ದಿನಕ್ಕೆ ಅವಳಿಗೆ ಎಂಟುನೂರು, ಫಿನಾಯಿಲು ಸೋಪುಪುಡಿಗೆ ಮತ್ತೆಂಟುನೂರು ಹಿಡಿಯೋಣ. ಉಳಿದದ್ದು ಯಾವ ಸ್ವಚ್ಛತೆಗೆ? ಕಾವಲಿನವನು, ಲಿಫ್ಟಿನವನು, ನೀರಿನ ಹುಡುಗ ಎಲ್ಲರೂ ಕೊನೆಯಲ್ಲಿ ಕೈಚಾಚಿ "ಖುಷಿ" ಕೇಳಿದರು, 3,500 ಹೋಯಿತು. ಅವರ ಮೇಲೆ ಆಗ ಸಿಟ್ಟು ಬಂದಿತ್ತು. ಈಗಿಲ್ಲ. ಮಾಲೀಕ ಕೊಡಬೇಕಾದ ಸಂಬಳವನ್ನು ಅತಿಥಿಗಳ ಜೇಬಿನಿಂದ ಕಿತ್ತುಕೊಳ್ಳಿ ಎಂದು ಬಿಟ್ಟಮೇಲೆ ಅವರು ಇನ್ನೇನು ಮಾಡುತ್ತಾರೆ?

ಈಗ ಚೀಟಿಗೆ ಬರೋಣ. ತೆರಿಗೆ 21,600. ಕರೆಂಟು 640 ಯೂನಿಟ್ಟು, ಯೂನಿಟ್ಟಿಗೆ ಇಪ್ಪತ್ತರಂತೆ 12,800. ಜನರೇಟರು ಐದು ಗಂಟೆ, ಗಂಟೆಗೆ 2,500ರಂತೆ 12,500. ಸ್ವಚ್ಛತೆ 8,000. ಪಾತ್ರೆ ಬಾಡಿಗೆ 6,000. ಅವರ ಪಟ್ಟಿಯಲ್ಲಿಲ್ಲದ ಅಡುಗೆಯವರನ್ನು ಕರೆತಂದದ್ದಕ್ಕೆ "ಪರ್ಮಿಷನ್" 15,000. ನಾಲ್ಕು ಗಂಟೆಗೆ ಬಿಡಬೇಕಾದ್ದನ್ನು ಐದೂವರೆಗೆ ಬಿಡುತ್ತೀರೆಂದು ಮೊದಲೇ ಲೆಕ್ಕ ಹಿಡಿದು ಎರಡು ಗಂಟೆಗೆ 6,000. ಒಟ್ಟು 81,900. ಖುಷಿಯೂ ಸೇರಿದರೆ 85,400. ಒಂದು ಲಕ್ಷ ಇಪ್ಪತ್ತು ಸಾವಿರದ ಛತ್ರ ಎರಡು ಲಕ್ಷ ಐದು ಸಾವಿರವಾಯಿತು. ವಾಪಸು ಬರುತ್ತದೆಂದು ಇಟ್ಟ 25,000 ಠೇವಣಿ ಅವರ ಕೈಯಲ್ಲೇ ಇತ್ತು. ಮಾತಾಡಿದರೆ ಅದೂ ಇಲ್ಲ.

ಇವುಗಳಲ್ಲಿ ಎರಡನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಒಂದು, ಜನರೇಟರು. ಕರೆಂಟು ಹೋದದ್ದು ಶನಿವಾರ ಏಳು ಹತ್ತರಿಂದ ಎಂಟು ಐವತ್ತರವರೆಗೆ, ಭಾನುವಾರ ಬೆಳಿಗ್ಗೆ ನಲವತ್ತು ನಿಮಿಷ. ಒಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ. ಚೀಟಿಯಲ್ಲಿ ಐದು. ಕೇಳಿದ್ದಕ್ಕೆ "ಮಿನಿಮಮ್ ಐದು ಗಂಟೆ" ಎಂದರಂತೆ. ಅಲ್ಲಿದ್ದದ್ದು 62.5 ಕೆವಿಎ ಯಂತ್ರ, ಮೇಲೆ ತಗಡಿನಲ್ಲಿ ಬರೆದಿರುತ್ತದೆ. ಪೂರ್ತಿ ಭಾರದಲ್ಲಿ ಓಡಿದರೆ ಅದು ಗಂಟೆಗೆ ಹದಿಮೂರು ಹದಿನಾಲ್ಕು ಲೀಟರು ಡೀಸೆಲ್ ಕುಡಿಯುತ್ತದೆ, ಅರ್ಧ ಭಾರಕ್ಕೆ ಎಂಟು ಲೀಟರಿನ ಆಸುಪಾಸು. ದೀಪ ಫ್ಯಾನುಗಳ ಅರ್ಧ ಭಾರಕ್ಕೆ ಎರಡು ಗಂಟೆ ಇಪ್ಪತ್ತು ನಿಮಿಷವೆಂದರೆ ಹತ್ತೊಂಬತ್ತು ಲೀಟರು. ಲೀಟರಿಗೆ ತೊಂಬತ್ತು ರೂಪಾಯಿ ಹಿಡಿದರೂ 1,710. ಯಂತ್ರದ ಸವೆತ, ಹುಡುಗನ ಕೂಲಿ ಎಂದು ಅದನ್ನು ಇಮ್ಮಡಿ ಮಾಡಿ, 3,420. ನಾವು ಕೊಟ್ಟದ್ದು ಹನ್ನೆರಡೂವರೆ ಸಾವಿರ. ಜನರೇಟರಿನ ಮೈಮೇಲೆ ಅದು ಇದುವರೆಗೆ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಪುಟ್ಟ ಮೀಟರೊಂದು ಇರುತ್ತದೆ. ಛತ್ರದ ಬೀಗದಕೈ ತೆಗೆದುಕೊಳ್ಳುವಾಗ ಒಮ್ಮೆ, ಕೊಡುವಾಗ ಒಮ್ಮೆ ಆ ಅಂಕಿಯ ಫೋಟೋ ತೆಗೆದಿಟ್ಟುಕೊಂಡರೆ ಗಂಟೆಯ ಜಗಳವೇ ಇಲ್ಲ. ಕರೆಂಟು ಮೀಟರಿಗೂ ಇದೇ ಮಾತು. ನಮ್ಮ 640 ಯೂನಿಟ್ಟು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯಿತೆಂದು ಇವತ್ತಿಗೂ ನನಗೆ ತಿಳಿಯದು.

ಎರಡು, ತೆರಿಗೆ. ಛತ್ರದವರು ತೆರಿಗೆ ಕೇಳುವುದು ಸುಳ್ಳೇನಲ್ಲ. ಛತ್ರಗಳ ಮೇಲೆ ಸೇವಾ ತೆರಿಗೆ 1997ರಲ್ಲೇ ಬಂದಿತ್ತು, 2017ರ ಜುಲೈಯಿಂದ ಅದರ ಜಾಗಕ್ಕೆ ಜಿಎಸ್‌ಟಿ ಬಂತು. ಇಂಥ ಬಾಡಿಗೆಗೆ ನೂರಕ್ಕೆ ಹದಿನೆಂಟು. 1,20,000ಕ್ಕೆ 21,600 ಲೆಕ್ಕವೂ ಸರಿಯೇ. ಆದರೆ ತೆರಿಗೆ ತೆಗೆದುಕೊಂಡವರು ತಮ್ಮ ಹದಿನೈದು ಅಕ್ಷರ ಅಂಕಿಗಳ ನೋಂದಣಿ ಸಂಖ್ಯೆಯಿರುವ ಬಿಲ್ಲು ಕೊಡಬೇಕು. ಬಿಳೀ ಚೀಟಿಯ ಮೇಲೆ ಪೆನ್ನಿನಲ್ಲಿ "ಟ್ಯಾಕ್ಸ್" ಎಂದು ಬರೆದರೆ ಅದು ತೆರಿಗೆಯಲ್ಲ.

ಮಗಳು ಮೊದಲ ಸಲ ತವರಿಗೆ ಬಂದುಹೋದ ಮೇಲೆ ನಾನು ಒಂದು ಕಾಗದ ಬರೆದೆ. ಬೈಗುಳವಿಲ್ಲ, ಕಣ್ಣೀರಿಲ್ಲ. 21,600 ತೆರಿಗೆಗೆ ನೋಂದಣಿ ಸಂಖ್ಯೆಯುಳ್ಳ ಬಿಲ್ಲು ಕಳಿಸಿ, ಜನರೇಟರಿನ ಗಂಟೆಯ ಲೆಕ್ಕ ಕಳಿಸಿ, ಹದಿನೈದು ದಿನ ಕಾಯುತ್ತೇನೆ. ಇಷ್ಟೇ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎಂಬ ಒಂದು ಸಾಲನ್ನೂ ಸೇರಿಸಿ, ನನ್ನ ಹಳೆಯ ಕೌಂಟರಿನಲ್ಲೇ ಸ್ಪೀಡ್ ಪೋಸ್ಟ್ ಮಾಡಿ ಬಂದೆ. "ಮುಗಿದ ಮದುವೆಗೆ ಯಾಕೆ ಓಲಗ?" ಎಂದರು ನಮ್ಮವರು. ಹನ್ನೆರಡನೆಯ ದಿನ ಮ್ಯಾನೇಜರು ತಾನಾಗಿ ಫೋನು ಮಾಡಿದ. ಈ ಸಲ ಗಂಡಸರನ್ನು ಕೇಳಲಿಲ್ಲ. ಠೇವಣಿಯ ಜೊತೆಗೆ 21,600ನ್ನೂ ವಾಪಸು ಕೊಟ್ಟ. ಬಿಲ್ಲು ಮಾತ್ರ ಕೊಡಲಿಲ್ಲ. ನೀವೇ ಯೋಚಿಸಿ, ಸರ್ಕಾರಕ್ಕೆ ಕಟ್ಟಿದ ಹಣವಾಗಿದ್ದರೆ ಅವನು ನನಗೆ ಎಲ್ಲಿಂದ ತಂದುಕೊಟ್ಟ? ಜನರೇಟರಿನ ಬಗ್ಗೆ "ಅದು ನಮ್ಮ ರೂಲ್ಸು ಮೇಡಂ" ಎಂದ. ಆ ರೂಲ್ಸು ರಸೀದಿಯ ಮುಂದೆಯೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ, ಛತ್ರ ಬೇರೆ ಊರಿನಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಾನು ಹೋಗಲಿಲ್ಲ. ಹೋಗದ್ದು ನನ್ನ ತಪ್ಪು ಎಂದು ಈಗ ಅನ್ನಿಸುತ್ತದೆ.

ಛತ್ರದವರ ಪರವಾಗಿಯೂ ಮಾತಿದೆ, ಮುಚ್ಚಿಡುವುದಿಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕಟ್ಟಡ ಖಾಲಿ ಬಿದ್ದಿರುತ್ತದೆ, ಸಾಲದ ಬಡ್ಡಿ ಖಾಲಿ ಕೂರುವುದಿಲ್ಲ. ನಮ್ಮವರೂ ಗೋಡೆಗೆ ಎಲೆಯಡಿಕೆ ಉಗಿಯುತ್ತಾರೆ, ಬೇಸಿನ್ನಿಗೆ ಅನ್ನ ಸುರಿಯುತ್ತಾರೆ, ನಲ್ಲಿ ತಿರುಗಿಸಿ ಮರೆತು ಹೋಗುತ್ತಾರೆ. ಸರಿ, ಹಾಗಾದರೆ ಬಾಡಿಗೆಯನ್ನೇ ಹೆಚ್ಚಿಸಿ. ಎರಡು ಲಕ್ಷ ಎಂದು ಬೋರ್ಡು ಹಾಕಿ. ಕೊಡಬಲ್ಲವರು ಬರುತ್ತಾರೆ, ಇಲ್ಲದವರು ದೇವಸ್ಥಾನದಲ್ಲಿ ಧಾರೆ ಎರೆಯುತ್ತಾರೆ. ಒಂದು ಲಕ್ಷ ಇಪ್ಪತ್ತು ಎಂದು ಕರೆದು, ಹೆಣ್ಣು ಅಳುವ ಹೊತ್ತಿಗೆ ಮಿಕ್ಕದ್ದನ್ನು ಕೇಳುವುದು ವ್ಯಾಪಾರವಲ್ಲ.

ಅದೇ ವರ್ಷ ನವೆಂಬರಿನಲ್ಲಿ ನನ್ನ ತಮ್ಮನ ಮಗಳ ಮದುವೆ. "ಅಕ್ಕಾ, ಈ ಸಲ ನೀನೇ ಬಾ" ಎಂದ ತಮ್ಮ. ನಾನೂ ನಾದಿನಿಯೂ ಹೋದೆವು, ಖಾಲಿ ಛತ್ರಕ್ಕಲ್ಲ, ಮದುವೆ ನಡೆಯುತ್ತಿರುವ ಭಾನುವಾರ, ಎರಡನೇ ಪಂಕ್ತಿ ಎದ್ದ ಮೇಲೆ ಎರಡು ಗಂಟೆಗೆ. ನೇರವಾಗಿ ಹೆಂಗಸರ ಶೌಚಾಲಯಕ್ಕೆ ಹೋದೆವು. ಆ ಹೊತ್ತಿನಲ್ಲಿ ಅಲ್ಲಿ ನೀರಿದ್ದು, ನೆಲ ಒಣಗಿದ್ದರೆ ಆ ಛತ್ರದ ಮಿಕ್ಕ ಕೆಲಸವೂ ನಡೆಯುತ್ತದೆ. ಇನ್ನೊಂದು ದಿನ ಹೋಗಿ, "ಮೇನ್ ಸ್ವಿಚ್ ಆರಿಸಿ ಜನರೇಟರು ಹಾಕಿ ತೋರಿಸಿ" ಎಂದೆವು. ಅಡುಗೆಮನೆ, ಲಿಫ್ಟು, ಮದುಮಗಳ ರೂಮು, ನೀರಿನ ಮೋಟರು, ಒಂದೊಂದನ್ನೇ ನಡೆದು ನೋಡಿದೆವು. ಮ್ಯಾನೇಜರು ಮೊದಲು ನಕ್ಕ, ಆಮೇಲೆ ತಾನೇ ಮುಂದೆ ನಡೆದು ತೋರಿಸಿದ. ಬಾಡಿಗೆಯಲ್ಲಿ ಸೇರಿದ್ದೇನು, ಸೇರದ್ದೇನು, ಸೇರದ್ದಕ್ಕೆ ದರವೇನು ಎಂದು ರಸೀದಿಯ ಹಿಂದೆಯೇ ಬರೆಸಿ ಸಹಿ ಹಾಕಿಸಿಕೊಂಡ ಮೇಲೆ ಮುಂಗಡ ಕೊಟ್ಟೆವು. ಬರೆಯಲು ಒಪ್ಪದ ಒಂದು ಛತ್ರವನ್ನು ಅಲ್ಲೇ ಬಿಟ್ಟು ಬಂದಿದ್ದೆವು.

ಅಲ್ಲಿಯ ಬಾಡಿಗೆ ತೆರಿಗೆ, ಪಾತ್ರೆ, ಸ್ವಚ್ಛತೆ ಎಲ್ಲ ಸೇರಿ 1,70,000. ಕೇಳಿದಾಗ ತಮ್ಮನ ಮುಖ ಸಣ್ಣಗಾಗಿತ್ತು. ಕೊನೆಗೆ ಮೇಲೆ ಕೊಟ್ಟದ್ದು ಕರೆಂಟಿಗೆ 6,400, ಡೀಸೆಲಿಗೆ 1,600, ಎರಡೂ ಮೀಟರು ನೋಡಿ. ಒಟ್ಟು 1,78,000, ಕೈಯಲ್ಲಿ ಬಿಲ್ಲು. ವಾಪಸು ಬಂದ 21,600 ಕಳೆಯುವ ಮೊದಲಿನ ಲೆಕ್ಕದಲ್ಲಿ, ನಮ್ಮ ಮನೆಯ ಅಗ್ಗದ ಛತ್ರಕ್ಕಿಂತ ದುಬಾರಿ ಛತ್ರ ಇಪ್ಪತ್ತೇಳು ಸಾವಿರದಷ್ಟು ಅಗ್ಗವಾಯಿತು.

ಆ ದಿನವೂ ಮೂರೂವರೆಗೆ ಆಫೀಸಿನಿಂದ ಕರೆ ಬಂತು. ನಾದಿನಿ ಮಗಳ ಕೈಹಿಡಿದು ನಿಂತಿದ್ದಳು. ಅವಳು ಏಳಬೇಕಾಗಲಿಲ್ಲ, ತಮ್ಮನೂ ಏಳಬೇಕಾಗಲಿಲ್ಲ. ಹೆಣ್ಣಿನ ತಂದೆತಾಯಿ ಲೆಕ್ಕಕ್ಕೆ ಹೋಗಬಾರದೆಂದು ಮೊದಲೇ ಮಾತಾಗಿತ್ತು. ಕನ್ನಡಕ ಹಾಕಿಕೊಂಡು, ರಸೀದಿಯನ್ನೂ ಮೀಟರಿನ ಫೋಟೋಗಳನ್ನೂ ಹಿಡಿದು ನಾನು ಹೋಗಿ ಕೂತೆ. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಯಿತು. ಹೊರಗೆ ಬಂದಾಗ ಕಾರು ಇನ್ನೂ ಹೊರಟಿರಲಿಲ್ಲ. ಹುಡುಗಿಯನ್ನು ತಬ್ಬಿಕೊಂಡು ನಾನೂ ಅತ್ತೆ.